ಅಡಿಕೆ ಕೇಳಿದರೆ ತೆಂಗಿನಕಾಯಿ ಬಂತು

ಶೆಟ್ಟಿಕೊಪ್ಪದ ಕಡೆಯ ಅಡಿಕೆ ಸುಲಿಗೆಯ ಚಿತ್ರವೊಂದು ಬೇಕಾಗಿತ್ತು. ಫೋನಿನಲ್ಲಿ ಚಿತ್ರ ಬರೆದುಕೊಡುವ ಎಐಗೆ ‘ಅಡಿಕೆ ಸುಲಿಯುವ ಹೆಂಗಸು’ ಎಂದಷ್ಟೇ ಬರೆದೆ. ಇಸ್ತ್ರಿ ಮಾಡಿದ ಸೀರೆ, ಸಿನಿಮಾ ನಗು, ಹಿಂದೆ ತೆಂಗಿನ ಮರ, ಮಡಿಲಲ್ಲಿ ತೆಂಗಿನಕಾಯಿ! ಚಿತ್ರ ಚಂದವೇ ಇತ್ತು, ನಮ್ಮೂರಿನದಾಗಿರಲಿಲ್ಲ ಅಷ್ಟೆ.

ಈ ಎಐ ಕಲಿತಿರುವುದು ಕೋಟಿಗಟ್ಟಲೆ ಚಿತ್ರಗಳಿಂದ, ಅವುಗಳ ಜೊತೆಗಿದ್ದ ವಿವರಣೆಗಳಿಂದ. ಇಂಥ ಎಐಗಳಲ್ಲಿ ಹಲವು ಚುಕ್ಕೆಗಳ ಗೊಜಲಿನಿಂದ ಶುರುಮಾಡಿ, ನಮ್ಮ ಮಾತನ್ನು ಹಿಡಿದುಕೊಂಡು, ಗೊಜಲನ್ನು ಸ್ವಲ್ಪಸ್ವಲ್ಪವೇ ತಿಳಿಗೊಳಿಸುತ್ತ ಚಿತ್ರ ತೆಗೆಯುತ್ತವೆ. ನಾವು ಹೇಳದೆ ಬಿಟ್ಟ ಜಾಗವನ್ನು ಎಐ ತಾನು ಹೆಚ್ಚು ಸಲ ಕಂಡದ್ದರಿಂದ ತುಂಬುತ್ತದೆ. ಅದು ಕಂಡ ಚಿತ್ರಗಳಲ್ಲಿ ಅಡಿಕೆಗಿಂತ ತೆಂಗು ಹೆಚ್ಚಿದ್ದಿರಬೇಕು.

ಎರಡನೇ ಸಲ ಜಾಗ ಸೇರಿಸಿದೆ: ‘ಮಲೆನಾಡಿನ ಹೆಂಚಿನ ಮನೆ, ಪಕ್ಕದಲ್ಲಿ ಚಪ್ಪರ, ರಾತ್ರಿ, ತೂಗುಬಿಟ್ಟ ಒಂದೇ ಬಲ್ಬು.’ ಬೆಳಕನ್ನು ಹೇಳಿದ್ದೇ ತಡ, ಸಿನಿಮಾ ಕಳೆ ಅರ್ಧ ಇಳಿಯಿತು. ಮೂರನೇ ಸಲ ಮನುಷ್ಯರು: ‘ಐವತ್ತರ ಹೆಂಗಸು, ಹಳೇ ಕಾಟನ್ ಸೀರೆ, ತಲೆಗೆ ಟವೆಲ್, ಕಣ್ಣು ಕೆಲಸದ ಮೇಲೆ.’ ನಗು ಹೋಯಿತು.

ಕಷ್ಟವಾದದ್ದು ಮೆಟ್ಟುಗತ್ತಿ. ಆ ಹೆಸರು ಬರೆದರೆ ಕೈಯಲ್ಲಿ ಕುಡುಗೋಲು ಬಂತು. ಹೆಸರು ಗೊತ್ತಿಲ್ಲದವರಿಗೆ ವಸ್ತುವನ್ನು ಹೇಗೆ ಹೇಳುತ್ತೇವೋ ಹಾಗೇ ಬರೆದೆ: ‘ಅಗಲ ಮರದ ಹಲಗೆ, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಬಾಗಿದ ಕಬ್ಬಿಣದ ಅಲಗು, ಹೆಂಗಸು ಹಲಗೆಯ ಹಿಂದೆ ಕೂತಿದ್ದಾಳೆ.’ ಅಡಿಕೆಗೂ ಅದೇ ಉಪಾಯ: ‘ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕ, ಹಸಿರು ಕಾಯಿಗಳ ರಾಶಿ, ಪಕ್ಕದಲ್ಲಿ ನಾರುನಾರಾದ ಸಿಪ್ಪೆ.’ ತೆಂಗಿನಕಾಯಿ ಆಗ ಜಾಗ ಬಿಟ್ಟಿತು. ಅದಕ್ಕೂ ಮೊದಲು ‘ತೆಂಗು ಬೇಡ’ ಎಂದು ಬರೆದು ಸೋತಿದ್ದೆ. ಕೆಲವು ಎಐಗಳು ‘ಬೇಡ’ವನ್ನು ಬಿಟ್ಟು ‘ತೆಂಗು’ ಎಂಬುದನ್ನೇ ಹಿಡಿಯುತ್ತವೆ. ಬೇಡದ್ದನ್ನು ಬರೆಯಲು ಬೇರೆ ಪೆಟ್ಟಿಗೆಯಿದ್ದರೆ ಅಲ್ಲಿ ಬರೆಯಿರಿ, ಇಲ್ಲದಿದ್ದರೆ ಬೇಕಾದದ್ದನ್ನೇ ಬಿಡಿಸಿ ಹೇಳಿ.

ಒಂದು ಸಲಕ್ಕೆ ಒಂದು ಬಗೆಯ ವಿವರವನ್ನಷ್ಟೇ ಬದಲಿಸಬೇಕು. ನಾಲ್ಕು ಬಗೆಯವನ್ನು ಒಟ್ಟಿಗೆ ಸೇರಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಅದೇ ಮಾತಿಗೂ ಪ್ರತಿ ಸಲ ಬೇರೆ ಚಿತ್ರ ಬರುವುದು ಆರಂಭದ ಗೊಜಲು ಬೇರೆಯಾಗಿರುವುದರಿಂದ. ‘ಸೀಡ್’ ಎಂಬ ಅಂಕಿ ಕಾಣಿಸುವ ಕಡೆ ಅದನ್ನು ಬದಲಿಸದೆ ಇಟ್ಟುಕೊಂಡರೆ, ಹೊಸ ಮಾತಿನ ಪರಿಣಾಮವಷ್ಟೇ ಕಣ್ಣಿಗೆ ಬೀಳುತ್ತದೆ. ವಿವರ ಅತಿಯಾದರೂ ಕಷ್ಟ: ಹಳೆಯ ಕೆಲವು ಎಐಗಳು ಉದ್ದದ ಮಾತಿನ ಬಾಲವನ್ನು ಓದುವುದೇ ಇಲ್ಲ. ಹಾಗಾಗಿ ಮುಖ್ಯವಾದದ್ದು ಮೊದಲು ಬರಲಿ.

ಏಳನೆಯ ಚಿತ್ರ ಹಿಡಿದುಕೊಂಡು ಪಕ್ಕದ ಮನೆಯ ಅಕ್ಕನಿಗೆ ತೋರಿಸಿದೆ. ಬಲ್ಬು, ಹಲಗೆ, ಸಿಪ್ಪೆ ಎಲ್ಲ ಒಪ್ಪಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ‘ಅಡಿಕೆ ಕತ್ತಿಗೆ ತಾಗೇ ಇಲ್ವಲ್ಲ ಮಾರಾಯ, ಸುಲಿಯೋದು ಹ್ಯಾಗೆ?’ ಎಂದರು.