ಚಿತ್ತಾರವನ್ನು ಕಂಪ್ಯೂಟರಿಗೆ ಕೊಟ್ಟರೆ

ಒಂದು ಚಿತ್ರದ ಶೈಲಿಯನ್ನು ಬೇರೊಂದು ಫೋಟೋಗೆ ತೊಡಿಸುವ ತಂತ್ರಕ್ಕೆ ಸ್ಟೈಲ್ ಟ್ರಾನ್ಸ್‌ಫರ್ ಎನ್ನುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಒಂದು ವಾರದಲ್ಲಿ, ದಿನಕ್ಕೊಂದು ಪಿರಿಯಡ್‌ನಲ್ಲಿ ಕಲಿಸಬಹುದು. ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಸಾಕು.

ಸೋಮವಾರ ಕಂಪ್ಯೂಟರ್ ಬೇಡ. ವ್ಯಾನ್ ಗೋ 1889ರಲ್ಲಿ ಬರೆದ 'ಸ್ಟಾರಿ ನೈಟ್' ಚಿತ್ರವನ್ನೂ ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರವನ್ನೂ ಪಕ್ಕಪಕ್ಕ ಇಟ್ಟು, ಪ್ರತಿಯೊಂದರ ಶೈಲಿ ಯಾವುದರಲ್ಲಿದೆ ಎಂದು ಮಕ್ಕಳಿಂದ ಬರೆಸಿ. ಆ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮಂಗಳವಾರ ಗೂಗಲ್ ಕೊಲ್ಯಾಬ್ ತೆರೆಯಿರಿ, ಅದು ಉಚಿತ. ಟೆನ್ಸರ್‌ಫ್ಲೋದ ಸ್ಟೈಲ್ ಟ್ರಾನ್ಸ್‌ಫರ್ ಪಾಠದಲ್ಲಿ ಮುಖ್ಯವಾದವು ಈ ಎರಡು ಸಾಲು:

```python
m = hub.load('https://tfhub.dev/google/magenta/arbitrary-image-stylization-v1-256/2')
out = m(content, style)[0]
```

`content` ಜಾಗದಲ್ಲಿ ಶಾಲೆಯ ಕಟ್ಟಡದ ಫೋಟೋ ಇರಲಿ. ಸಹಪಾಠಿಗಳ ಮುಖ ಬೇಡ. `style` ಚಿತ್ರವನ್ನು 256 ಪಿಕ್ಸೆಲ್ ಚೌಕಕ್ಕೆ ಇಳಿಸಬೇಕು. ಈ ಮಾದರಿ ಕಲಿತಿರುವುದು ಆ ಅಳತೆಯಲ್ಲಿ. ವ್ಯಾನ್ ಗೋನ ಸುಳಿಗಳು ಕಟ್ಟಡದ ಮೇಲೆ ಹರಡಿದ್ದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಆಗಲಿ.

ಬುಧವಾರ ಒಳಗಿನ ಕೆಲಸ ವಿವರಿಸಿ. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಗ್ಯಾಟಿಸ್, ಎಕರ್, ಬೆತ್ಗೆ ಎಂಬ ಸಂಶೋಧಕರು, ಫೋಟೋದಲ್ಲಿನ ವಸ್ತುಗಳನ್ನು ಗುರುತಿಸಲು ಕಲಿತ ನರಜಾಲವೊಂದನ್ನು ಹೀಗೆ ಬಳಸಿದರು. ಜಾಲದ ಆಳದ ಪದರ ಎಲ್ಲಿ ಏನಿದೆ ಎಂದು ಹೇಳುತ್ತದೆ, ಅದು ವಸ್ತು. ಶೈಲಿಗೆ ಅವರು ಹಿಡಿದ ಅಳತೆ ಬೇರೆ: ಯಾವ ಬಣ್ಣ, ಯಾವ ಗೆರೆ, ಯಾವ ತಿರುವು ಒಟ್ಟೊಟ್ಟಿಗೆ ಎಷ್ಟು ಸಲ ಬರುತ್ತವೆ ಎಂಬ ಲೆಕ್ಕ. ಸಂತೆಗೆ ಯಾವ ಊರಿನವರು ಯಾರ ಜೊತೆ ಬಂದರು ಎಂದು ಬರೆದುಕೊಂಡು, ಎಲ್ಲಿ ಕೂತರು ಎಂಬುದನ್ನು ಬಿಟ್ಟ ಹಾಗೆ. ನಾವು ಬಳಸುವ ಮಾದರಿಯನ್ನು ತರಬೇತುಗೊಳಿಸಿದ್ದೂ ಇದೇ ಅಳತೆಯಲ್ಲಿ.

ಗುರುವಾರ ಈ ಮಾತನ್ನು ಮಕ್ಕಳೇ ಪರೀಕ್ಷಿಸಲಿ. ವಾರದಲ್ಲಿ ಒಂದೇ ದಿನ ಸಿಕ್ಕರೂ ನಾನು ಈ ಪ್ರಯೋಗವನ್ನೇ ಆರಿಸುತ್ತೇನೆ. ಚಿತ್ತಾರದ ಫೋಟೋವನ್ನು ನಾಲ್ಕು ತುಂಡು ಮಾಡಿ, ಅದಲುಬದಲು ಜೋಡಿಸಿ, ಶೈಲಿಯಾಗಿ ಕೊಡಿ. ತುಂಡು ಮಾಡದ ಚಿತ್ತಾರದಿಂದಲೂ ಇನ್ನೊಂದು ಚಿತ್ರ ತೆಗೆಯಿರಿ. ಎರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಕೆಂಪಿದೆ, ಬಿಳಿ ಗೆರೆಗಳ ಚೂರುಗಳಿವೆ. ಆದರೆ ಚೌಕದೊಳಗೆ ಚೌಕವಿಲ್ಲ, ತ್ರಿಕೋನಗಳ ಸಾಲಿಲ್ಲ, ಎಡಕ್ಕೂ ಬಲಕ್ಕೂ ಸಮವಿಲ್ಲ. ವ್ಯಾನ್ ಗೋನ ಶೈಲಿಯ ಬಹುಪಾಲು ಕುಂಚದ ಎಳೆತದಲ್ಲಿದೆ, ಹಾಗಾಗಿ ಸ್ವಲ್ಪವಾದರೂ ದಾಟಿ ಬಂತು. ಚಿತ್ತಾರ ನಿಂತಿರುವುದೇ ಯಾವುದು ಎಲ್ಲಿರಬೇಕು ಎಂಬ ನಿಯಮದ ಮೇಲೆ, ಯಂತ್ರ ಕೈಬಿಟ್ಟದ್ದು ಅದನ್ನೇ.

ಶುಕ್ರವಾರ ಸೋಮವಾರದ ಹಾಳೆಗಳನ್ನು ಹಿಂದಿರುಗಿಸಿ. ತಾವು ಬರೆದದ್ದರಲ್ಲಿ ಯಂತ್ರಕ್ಕೆ ಯಾವುದು ದಕ್ಕಿತು, ಯಾವುದು ದಕ್ಕಲಿಲ್ಲ ಎಂದು ಗುರುತು ಹಾಕಲಿ. ಮದುವೆಗೆಂದು ಗೋಡೆಗೆ ಬರೆದದ್ದು ಫೋಟೋದ ಮೇಲಿನ ಬಣ್ಣವಾದಾಗ ಉಳಿದದ್ದೇನು ಎಂಬ ಚರ್ಚೆ ತಾನಾಗಿ ಏಳುತ್ತದೆ. ವ್ಯಾನ್ ಗೋ 1890ರಲ್ಲಿ ತೀರಿಕೊಂಡ, ಅವನ ಚಿತ್ರಕ್ಕೆ ಈಗ ಕೃತಿಸ್ವಾಮ್ಯವಿಲ್ಲ. ಚಿತ್ತಾರ ಬರೆಯುವವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಕೇಳಬೇಕೇ, ಕೇಳುವುದಾದರೆ ಒಬ್ಬರನ್ನೋ ಇಡೀ ಸಮುದಾಯವನ್ನೋ ಎಂಬುದಕ್ಕೆ ತರಗತಿಯಲ್ಲಿ ಒಮ್ಮತ ಬರಲೇಬೇಕೆಂದಿಲ್ಲ.

ಶನಿವಾರದ ಅರ್ಧ ದಿನ ಚಿತ್ರಗಳನ್ನು ಗೋಡೆಗೆ ಅಂಟಿಸಿ. ಪ್ರತಿಯೊಂದರ ಕೆಳಗೆ ಫೋಟೋ ತೆಗೆದವರು, ಶೈಲಿ ಯಾರದು, ಯಾವ ಮಾದರಿ ಬಳಸಲಾಯಿತು ಎಂಬ ಮೂರು ಸಾಲು ಇರಲಿ.