ಸನ್ನೆಭಾಷಾ ಅನುವಾದಕರು ತೆರೆಯಿಂದ ಮರೆಯಾಗದಂತೆ

ಝೂಮ್ ಸಭೆಯ ಸ್ಪೀಕರ್ ನೋಟದಲ್ಲಿ ಯಾರ ದನಿ ಕೇಳುತ್ತದೋ ಅವರ ಮುಖ ದೊಡ್ಡದಾಗುತ್ತದೆ. ಸನ್ನೆಭಾಷಾ ಅನುವಾದಕರು ಕೈಯಲ್ಲಿ ಮಾತಾಡುವಾಗ ಮೈಕಿಗೆ ಏನೂ ಕೇಳಿಸದು. ಹಾಗಾಗಿ ಅವರ ಚಿತ್ರ ಮೂಲೆಗೆ ಸರಿಯುತ್ತದೆ. ಗ್ಯಾಲರಿ ನೋಟದಲ್ಲೂ ಜನ ಹೆಚ್ಚಾದರೆ ಮುಂದಿನ ಪುಟಕ್ಕೆ ಜಾರಬಹುದು.

ಕಿವುಡ ಸದಸ್ಯರೊಬ್ಬರು ಅನುವಾದಕರ ವಿಡಿಯೊ ಮೇಲಿನ ಮೂರು ಚುಕ್ಕಿ ಒತ್ತಿ Pin ಆರಿಸಿದರೆ, ಅದು ಅವರ ತೆರೆಯಲ್ಲಿ ಮಾತ್ರ ನಿಲ್ಲುತ್ತದೆ. ಎಲ್ಲರಿಗೂ ಕಾಣಬೇಕಾದರೆ ಸಭೆ ನಡೆಸುವವರು ಅಥವಾ ಸಹ-ಆತಿಥೇಯರು ಅದೇ ಪಟ್ಟಿಯಿಂದ Spotlight for Everyone ಆರಿಸಬೇಕು.

ಎರಡು ಗಂಟೆಯ ಗ್ರಾಮಸಭೆಯೊಂದನ್ನು ಊಹಿಸಿಕೊಳ್ಳಿ. ಕೈಗೂ ಮನಸ್ಸಿಗೂ ದಣಿವಾಗುವುದರಿಂದ ಇಬ್ಬರು ಅನುವಾದಕರು ಸುಮಾರು 20 ನಿಮಿಷಕ್ಕೊಮ್ಮೆ ಸರದಿ ಬದಲಿಸುತ್ತಾರೆ. ಮೊದಲನೆಯವರನ್ನಷ್ಟೇ ಸ್ಪಾಟ್‌ಲೈಟ್ ಮಾಡಿದ್ದರೆ, ಸರದಿ ಬದಲಾದ ಕೂಡಲೇ ತೆರೆಯಲ್ಲಿ ಸುಮ್ಮನೆ ಕುಳಿತವರು ದೊಡ್ಡದಾಗಿ ಕಾಣುತ್ತಾರೆ. ಆದ್ದರಿಂದ Add Spotlight ಒತ್ತಿ ಎರಡನೆಯವರನ್ನೂ ಸೇರಿಸಿಟ್ಟುಕೊಳ್ಳಬೇಕು. ಭಾಷಣಕಾರರನ್ನೂ ಸೇರಿಸಬಹುದು, ಒಟ್ಟು 9 ಜನರವರೆಗೆ ಅವಕಾಶವಿದೆ. ಆದರೆ ಪ್ರತಿ ಸೇರ್ಪಡೆಗೂ ಚೌಕಟ್ಟು ಕಿರಿದಾಗಿ ಬೆರಳುಗಳ ಚಲನೆ ಅಸ್ಪಷ್ಟವಾಗುತ್ತದೆ. ಮೂವರಿಗೆ ನಿಲ್ಲಿಸುವುದು ಲೇಸು.

ಕ್ಲೌಡ್ ರೆಕಾರ್ಡಿಂಗ್ ಕೂಡ ಯಾರೊಬ್ಬರ ಪಿನ್ ಅನ್ನೂ ಲೆಕ್ಕಿಸುವುದಿಲ್ಲ. ಸಭೆಯನ್ನು ಆಮೇಲೆ ನೋಡುವ ಕಿವುಡರಿಗೂ ಅನುವಾದ ಸಿಗಬೇಕಾದರೆ, ರೆಕಾರ್ಡಿಂಗ್ ಶುರುವಾಗುವ ಮೊದಲೇ ಸ್ಪಾಟ್‌ಲೈಟ್ ಹಾಕಿರಬೇಕು.