ಬೆಸ ರೂಪಾಯಿಯೊಳಗಿನ ಅರ್ಧ ಪೈಸೆ

ಒಂದು ಬಿಲ್ಲು, ಎರಡು ಮೊತ್ತ, ಎರಡೂ ಸರಿ! ಇದನ್ನು ಮೊದಲ ಸಲ ಕಂಡಾಗ ನಾನು ಕ್ಯಾಲ್ಕುಲೇಟರನ್ನು ಮೂರು ಸಲ ಒತ್ತಿದೆ. ನಾಲ್ಕನೆಯ ಸಲ ಪೆನ್ನು ಹಿಡಿದು ಕಾಗದದ ಮೇಲೆ ಗುಣಿಸಿದೆ. ಉತ್ತರ ಬದಲಾಗಲಿಲ್ಲ.

ನೀವೂ ಪೆನ್ನು ತಗೊಳ್ಳಿ. ಬಳ್ಳಾರಿಯ ಜೀನ್ಸ್ ಅಂಗಡಿಯೊಂದರಿಂದ ಸಿರುಗುಪ್ಪದ ಬಟ್ಟೆ ಅಂಗಡಿಗೆ ಮಾಲು ಹೊರಟಿದೆ ಎಂದಿಟ್ಟುಕೊಳ್ಳಿ. ಒಂದೇ ಡಿಸೈನಿನ ಪ್ಯಾಂಟು, ಸೊಂಟದಳತೆ 28ರಿಂದ 40ರವರೆಗೆ ಏಳು ಸೈಜು, ಸೈಜಿಗೆ ಮೂರು ಪೀಸು, ತೆರಿಗೆ ಬಿಟ್ಟು ಪೀಸಿಗೆ 449 ರೂಪಾಯಿ. ಸೈಜಿಗೊಂದರಂತೆ ಬಿಲ್ಲಿನಲ್ಲಿ ಏಳು ಸಾಲು, ಸಾಲಿಗೆ 1,347 ರೂಪಾಯಿ, ಒಟ್ಟು 9,429. ಪೀಸಿಗೆ 2,500 ರೂಪಾಯಿವರೆಗಿನ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ರಾಜ್ಯದೊಳಗಿನ ಮಾರಾಟವಾದ್ದರಿಂದ ಅದು ಸೀಳಿ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ ಆಗುತ್ತದೆ.

ಈಗ ಒಂದು ಸಾಲಿನ ಸಿಜಿಎಸ್‌ಟಿ ಲೆಕ್ಕ ಹಾಕಿ: 33.675. ಪೈಸೆಗೆ ದುಂಡು ಮಾಡಿದರೆ 33.68. ಏಳು ಸಾಲು ಕೂಡಿದರೆ 235.76. ಇನ್ನೊಂದು ಸಾಫ್ಟ್‌ವೇರ್ ಸಾಲುಗಳನ್ನು ಮುಟ್ಟುವುದೇ ಇಲ್ಲ, ಒಟ್ಟು 9,429ರ ಮೇಲೆ ಒಂದೇ ಸಲ ಲೆಕ್ಕ ಹಾಕುತ್ತದೆ: 235.725, ಅಂದರೆ 235.73. ವ್ಯತ್ಯಾಸ ಮೂರು ಪೈಸೆ. ಎಸ್‌ಜಿಎಸ್‌ಟಿಯಲ್ಲೂ ಅಷ್ಟೇ, ಹಾಗಾಗಿ ಒಟ್ಟು ಆರು. ಆರು ಪೈಸೆಯಲ್ಲವೇ ಎನ್ನಬೇಡಿ, ಮುಂದೆ ನೋಡಿ! ಮೊದಲ ದಾರಿಯಲ್ಲಿ ಬಿಲ್ಲು 9,900.52, ರೂಪಾಯಿಗೆ ದುಂಡು ಮಾಡಿದಾಗ 9,901. ಎರಡನೆಯದರಲ್ಲಿ 9,900.46, ಅಂದರೆ 9,900. ಆರು ಪೈಸೆ ಐವತ್ತರ ಗಡಿ ದಾಟಿ ಇಡೀ ಒಂದು ರೂಪಾಯಿಯಾಗಿ ನಿಂತಿತು.

ನನ್ನನ್ನು ಬೆರಗುಗೊಳಿಸಿದ್ದು ಇದಕ್ಕಿಂತ ಆಳದಲ್ಲಿದೆ. ದುಂಡು ಮಾಡುವಾಗ ಕೆಲವು ಮೇಲೇರುತ್ತವೆ, ಕೆಲವು ಕೆಳಗಿಳಿಯುತ್ತವೆ, ಕೊನೆಗೆ ಸರಿಹೋಗುತ್ತದೆ ಎಂದೇ ನಾನು ನಂಬಿದ್ದೆ. ಎರಡೂವರೆ ಶೇಕಡಾದಲ್ಲಿ ಹಾಗಾಗುವುದಿಲ್ಲ! ಸಾಲಿನ ಮೊತ್ತ ಪೂರ್ಣ ರೂಪಾಯಿಯಲ್ಲಿದ್ದು ಸಮ ಸಂಖ್ಯೆಯಾದರೆ ತೆರಿಗೆ ಪೈಸೆಗೆ ಸರಿಯಾಗಿ ಮುಗಿಯುತ್ತದೆ. ಬೆಸ ಸಂಖ್ಯೆಯಾದರೆ ಕೊನೆಗೆ ಅರ್ಧ ಪೈಸೆ ಉಳಿದೇ ಉಳಿಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಅರ್ಧವನ್ನು ಮೇಲಕ್ಕೆ ಏರಿಸುವುದೇ ರೂಢಿ. ಹಾಗಾಗಿ ಎಲ್ಲ ಬೆಸ ಸಾಲುಗಳೂ ಒಂದೇ ದಿಕ್ಕಿಗೆ ತಳ್ಳುತ್ತವೆ. 349, 399, 449 ಎಂದು ದರ ಇಡುವ ವ್ಯಾಪಾರದಲ್ಲಿ, ಪೀಸೂ ಬೆಸವಾದರೆ, ಸಾಲು ಬೆಸವಾಗದೆ ಇರಲು ಸಾಧ್ಯವೇ ಇಲ್ಲ. ಶೇ. 18ರ ಮಾಲಿಗೆ ಈ ಕಾಟವಿಲ್ಲ. ಪೂರ್ಣ ರೂಪಾಯಿಯ ಶೇ. 9 ಯಾವಾಗಲೂ ಪೂರ್ಣ ಪೈಸೆ.

ಇದೇ ಮಾಲನ್ನು ಕುರುಗೋಡಿಗೆ ಕಳಿಸಿ, ಅದೇ ಮೂರು ಪೈಸೆ. ಆದರೆ ಆಂಧ್ರದ ಗಡಿ ದಾಟಿಸಿ ಆದವಾನಿಗೆ ಕಳಿಸಿ ನೋಡಿ! ಅಲ್ಲಿ ಸೀಳಿಕೆಯಿಲ್ಲ, ಐಜಿಎಸ್‌ಟಿ ಇಡಿಯಾಗಿ ಶೇ. 5. ಸಾಲಿಗೆ 67.35, ಏಳು ಸಾಲಿಗೆ 471.45. ಒಟ್ಟಿನ ಮೇಲೆ ಹಾಕಿದರೂ 471.45. ವ್ಯತ್ಯಾಸ ಸೊನ್ನೆ! ಅದೇ ಪ್ಯಾಂಟು, ಅದೇ ದರ, ಶೇ. 5ನ್ನು ಎರಡಾಗಿ ಸೀಳಿದ್ದರಿಂದ ಮಾತ್ರ ಅರ್ಧ ಪೈಸೆ ಹುಟ್ಟಿತು.

ಕಾನೂನು ಏನನ್ನುತ್ತದೆ? ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಕಟ್ಟಬೇಕಾದ ತೆರಿಗೆಯನ್ನು ಹತ್ತಿರದ ರೂಪಾಯಿಗೆ ದುಂಡು ಮಾಡಲು ಹೇಳುತ್ತದೆ. ಐವತ್ತು ಪೈಸೆ ಅಥವಾ ಮೇಲಿದ್ದರೆ ಏರಿಸು, ಕಡಿಮೆಯಿದ್ದರೆ ಬಿಡು. ಬಿಲ್ಲಿನೊಳಗೆ ಪೈಸೆಯನ್ನು ಸಾಲಿನಲ್ಲಿ ದುಂಡು ಮಾಡಬೇಕೋ ಒಟ್ಟಿನಲ್ಲೋ ಎಂಬುದನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಮಾರುವವನ ಸಾಫ್ಟ್‌ವೇರ್ ಒಂದು ದಾರಿ ಹಿಡಿದು, ಕೊಳ್ಳುವವನದು ಇನ್ನೊಂದು ಹಿಡಿದರೆ, ಸಿರುಗುಪ್ಪದ ಅಂಗಡಿಯ ಪುಸ್ತಕದಲ್ಲಿ 235.73, ಪೋರ್ಟಲಿನ ಜಿಎಸ್‌ಟಿಆರ್-2ಬಿಯಲ್ಲಿ 235.76.

ಹಾಗೆ ಕಂಡಾಗ ಗಾಬರಿಯಾಗುವ ಮೊದಲು ಸಾಲುಗಳನ್ನು ಎಣಿಸಿ. ಸಾಲಿಗೆ ಅರ್ಧ ಪೈಸೆ, ಒಟ್ಟಿಗೆ ಇನ್ನರ್ಧ. ಏಳು ಸಾಲಿನ ಬಿಲ್ಲಿನಲ್ಲಿ ಸಿಜಿಎಸ್‌ಟಿ ವ್ಯತ್ಯಾಸ ನಾಲ್ಕು ಪೈಸೆ ಮೀರಲಾರದು. ಮೀರಿದ್ದರೆ ತಪ್ಪು ದುಂಡಿಕೆಯದಲ್ಲ. ದರವನ್ನೋ ಡಿಸ್ಕೌಂಟನ್ನೋ ಹುಡುಕಿ.

ಒಟ್ಟಿನ ಮೇಲೆ ಲೆಕ್ಕ ಹಾಕುವುದೇ ನನಗೆ ಒಪ್ಪಿಗೆ, ಆದರೆ ಅದರಲ್ಲೂ ಒಂದು ಗುಳಿ ಇದೆ. ಸಿರುಗುಪ್ಪದವರು ಏಳೂ ಸೈಜನ್ನು ಒಂದೊಂದಾಗಿ ವಾಪಸ್ ಕಳಿಸಿದರೆಂದುಕೊಳ್ಳಿ. ಪ್ರತಿ ಕ್ರೆಡಿಟ್ ನೋಟಿನಲ್ಲೂ 33.68 ಬರೆದರೆ, ವಸೂಲಿ ಮಾಡಿದ್ದಕ್ಕಿಂತ ಮೂರು ಪೈಸೆ ಹೆಚ್ಚು ಹಿಂತಿರುಗಿಸಿದಂತಾಗುತ್ತದೆ! ಇದಕ್ಕೆ ಉಪಾಯ ಎಷ್ಟು ಸೊಗಸಾಗಿದೆ ನೋಡಿ: ಮೊದಲು ಒಟ್ಟು 235.73 ಎಂದು ಗಟ್ಟಿ ಮಾಡಿಕೊಂಡು, ಆಮೇಲೆ ಅದನ್ನು ಸಾಲುಗಳಿಗೆ ಹಂಚಬೇಕು. ಏಳಕ್ಕೂ 33.67 ಕೊಟ್ಟರೆ 235.69, ಉಳಿದ ನಾಲ್ಕು ಪೈಸೆಯನ್ನು ನಾಲ್ಕು ಸಾಲಿಗೆ ಒಂದೊಂದು. ನಾಲ್ಕು ಸಾಲಿನಲ್ಲಿ 33.68, ಮೂರರಲ್ಲಿ 33.67. ಕೂಡಿ ನೋಡಿ, 235.73. ಯಾವ ಸೈಜು ಯಾವಾಗ ವಾಪಸ್ ಬಂದರೂ, ಅದರ ಸಾಲಿನಲ್ಲಿ ಬರೆದಿಟ್ಟ ಪೈಸೆಯೇ ಹಿಂದಕ್ಕೆ ಹೋಗುತ್ತದೆ.